ಕಟ್‌ಆಫ್ ತಪ್ಪಿದ ಕಂಟೇನರಿಗೆ ಮುಂದಿನ ಹಡಗು

ಜುಲೈ ತಿಂಗಳಲ್ಲಿ ಹಾಸನದಿಂದ ಮಂಗಳೂರಿಗೆ ಕಾಫಿ ಕಳಿಸುವವರ ಕಣ್ಣು ಹಡಗಿನ ಮೇಲೆ ಇರುವುದಕ್ಕಿಂತ ಹೆಚ್ಚಾಗಿ ಶಿರಾಡಿ ಘಾಟಿಯ ಮೇಲೆ ಇರುತ್ತದೆ. ಸಕಲೇಶಪುರ ದಾಟಿ ದೋಣಿಗಾಲ್ ಕಡೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಮಳೆಗಾಲ ಬಂತೆಂದರೆ ಎಲ್ಲಾದರೊಂದು ಕಡೆ ಗುಡ್ಡ ಜಾರುತ್ತದೆ. ಚಾರ್ಮಾಡಿಯಲ್ಲಿ ಹೋಗೋಣವೆಂದರೆ ಅಲ್ಲಿ ಭಾರೀ ವಾಹನಗಳಿಗೆ ನಿರ್ಬಂಧ. ರೈಲಿನ ದಾರಿಯೂ ಅದೇ ಬೆಟ್ಟದ ಮೈಮೇಲೇ ಹೋಗುತ್ತದೆ. 2024ರ ಜುಲೈಯಲ್ಲಿ ಎಡಕುಮೇರಿ ಹತ್ತಿರ ಹಳಿಯ ಕೆಳಗಿನ ಮಣ್ಣೇ ಕುಸಿದು ರೈಲು ಓಡಾಟ ದಿನಗಟ್ಟಲೆ ನಿಂತಿತ್ತು. ಹೀಗಾಗಿ ಕಾಫಿ ತುಂಬಿದ ಕಂಟೇನರ್ ಘಟ್ಟದ ಮೇಲೆ ಸಿಕ್ಕಿಕೊಂಡು, ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಅದರ ಹಡಗಿನ ಗೇಟು ಮುಚ್ಚಿಹೋಗುವುದು ರಫ್ತುದಾರರಿಗೆ ಅಪರೂಪದ ಅನುಭವವಲ್ಲ.

ಆಗ ರಫ್ತುದಾರ ಮಾಡಬೇಕಾದ ಮೊದಲ ಕೆಲಸ ತನ್ನ ಫಾರ್ವರ್ಡರಿಗೆ ವಿಷಯ ತಿಳಿಸಿ, ಮುಂದಿನ ಹಡಗು ಯಾವುದಿದೆ ಎಂದು ಕೇಳುವುದು. ಫಾರ್ವರ್ಡರ್ ಎಂದರೆ ಹಡಗಿನ ಕಂಪನಿಗೂ ರಫ್ತುದಾರನಿಗೂ ನಡುವೆ ನಿಂತು ಜಾಗ ಕಾಯ್ದಿರಿಸುವ, ಕಾಗದಪತ್ರ ನೋಡಿಕೊಳ್ಳುವ ಏಜೆಂಟ್. ಕೇಳುವುದಕ್ಕೆ ಇದು ಎರಡು ಸಾಲಿನ ಕೆಲಸ. ಆದರೆ ಆ ಎರಡು ಸಾಲು ಯಾವಾಗ ಹೋಯಿತು, ಅದರಲ್ಲಿ ಏನಿತ್ತು ಅನ್ನುವುದರ ಮೇಲೆ ಒಂದು ವಾರದ ನಷ್ಟವೋ ಒಂದು ತಿಂಗಳ ನಷ್ಟವೋ ತೀರ್ಮಾನವಾಗುತ್ತದೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಇದರಲ್ಲಿರುವ ತಾರೀಕುಗಳನ್ನು ವಿಷಯ ತಿಳಿಯಲೆಂದು ನಾನೇ ಇಟ್ಟಿದ್ದೇನೆ. ಕೆಲಸ ನಡೆಯುವ ರೀತಿ ಮಾತ್ರ ಬಂದರಿನಲ್ಲಿ ನಡೆಯುವಂಥದ್ದೇ. ಹಾಸನದ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬುಧವಾರ, ಜುಲೈ 16ರ ಮಧ್ಯಾಹ್ನ 20 ಅಡಿಯ ಕಂಟೇನರಿಗೆ ರೋಬಸ್ಟಾ ಕಾಫಿ ತುಂಬಿದ್ದಾರೆ. 60 ಕಿಲೋದ 320 ಚೀಲ, ಒಟ್ಟು 19.2 ಟನ್. ಬಾಗಿಲಿಗೆ ಇ-ಸೀಲ್ ಬಿದ್ದಿದೆ. ಸರಕು ಹೋಗಬೇಕಾದದ್ದು ಇಟಲಿಯ ಟ್ರಿಯೆಸ್ಟೆ ಬಂದರಿಗೆ. ನಮ್ಮ ಕಾಫಿಯ ದೊಡ್ಡ ಗಿರಾಕಿಗಳಲ್ಲಿ ಇಟಲಿ ಒಂದು, ಮತ್ತು ಟ್ರಿಯೆಸ್ಟೆ ಅಲ್ಲಿನ ಹಳೆಯ ಕಾಫಿ ಬಂದರು. ಪಣಂಬೂರಿನಿಂದ ಅಲ್ಲಿಗೆ ನೇರ ಹಡಗಿಲ್ಲ. ಸಣ್ಣ ಫೀಡರ್ ಹಡಗು ಕಂಟೇನರನ್ನು ಕೊಲಂಬೊಗೆ ಒಯ್ಯುತ್ತದೆ, ಅಲ್ಲಿ ಮದರ್ ವೆಸೆಲ್ ಎಂದು ಕರೆಯುವ ದೊಡ್ಡ ಹಡಗಿಗೆ ಅದನ್ನು ಏರಿಸುತ್ತಾರೆ. ಹಳ್ಳಿಯ ಮಿನಿಬಸ್ಸು ಹಿಡಿದು ಹೋಗಿ ಪಟ್ಟಣದಲ್ಲಿ ದೂರದ ಬಸ್ಸು ಹತ್ತಿದ ಹಾಗೆ.

ಫೀಡರ್ ಹೊರಡುವುದು ಶನಿವಾರ, 19ರ ಬೆಳಗಿನ ಜಾವ. ಗೇಟ್ ಕಟ್‌ಆಫ್, ಅಂದರೆ ಈ ಹಡಗಿಗೆಂದು ಟರ್ಮಿನಲ್ಲಿನೊಳಗೆ ಕಂಟೇನರ್ ಸೇರಿಸಿಕೊಳ್ಳುವ ಕೊನೆಯ ಗಳಿಗೆ, ಗುರುವಾರ 17ರ ಸಂಜೆ 6 ಗಂಟೆ. ಟ್ರೈಲರ್ ಬುಧವಾರ ಸಂಜೆ ಹಾಸನ ಬಿಟ್ಟಿತು. ರಾತ್ರಿ 9ಕ್ಕೆ ಸಕಲೇಶಪುರದಲ್ಲಿ ಪೊಲೀಸರು ತಡೆದರು. ಮುಂದೆ ಗುಡ್ಡ ಬಿದ್ದಿದೆ, ಮಣ್ಣು ತೆಗೆಯುವವರೆಗೆ ಯಾರನ್ನೂ ಬಿಡುವಂತಿಲ್ಲ.

ಹೊಸಬರು ಇಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ: ಹಡಗು ಹೊರಡುವುದು ಶನಿವಾರ ತಾನೆ, ಶುಕ್ರವಾರ ರಾತ್ರಿ ಗಾಡಿ ತಲುಪಿದರೆ ಯಾಕೆ ಹತ್ತಿಸಿಕೊಳ್ಳುವುದಿಲ್ಲ? ಹಡಗಿನಲ್ಲಿ ಯಾವ ಕಂಟೇನರ್ ಎಲ್ಲಿ ಕೂರಬೇಕು ಅನ್ನುವ ನಕ್ಷೆಯನ್ನು ಹಡಗು ಬರುವ ಮುಂಚೆಯೇ ಮಾಡಿ ಮುಗಿಸಿರುತ್ತಾರೆ, ಅದಕ್ಕೆ. ಭಾರದ್ದು ಕೆಳಗೆ, ಹಗುರದ್ದು ಮೇಲೆ, ಮೊದಲು ಇಳಿಯಬೇಕಾದದ್ದು ಕೈಗೆ ಸಿಗುವ ಹಾಗೆ. ಲೆಕ್ಕ ತಪ್ಪಿದರೆ ಹಡಗಿನ ಸಮತೋಲವೇ ಕೆಡುತ್ತದೆ. ಅದಕ್ಕಾಗಿಯೇ 2016ರ ಜುಲೈ 1ರಿಂದ ಪ್ರತಿ ಕಂಟೇನರಿನ ಪರಿಶೀಲಿಸಿದ ಒಟ್ಟು ತೂಕವನ್ನು, ಬಂದರಿನವರು ವಿಜಿಎಂ ಅನ್ನುವ ಅಂಕಿಯನ್ನು, ಮೊದಲೇ ಕೊಡಬೇಕೆಂದು ಅಂತಾರಾಷ್ಟ್ರೀಯ ನಿಯಮ ಬಂದಿದೆ. ತೂಕ ಕೊಡುವುದಕ್ಕೆ ಒಂದು ಗಡುವು, ಬಿಲ್ ಆಫ್ ಲೇಡಿಂಗಿನಲ್ಲಿ ಏನು ಬರೆಯಬೇಕೆಂಬ ವಿವರ ಕಳಿಸುವುದಕ್ಕೆ ಇನ್ನೊಂದು ಗಡುವು, ಗೇಟಿಗೆ ಮತ್ತೊಂದು. ಜನ ಎಲ್ಲವನ್ನೂ ಸೇರಿಸಿ ಕಟ್‌ಆಫ್ ಅನ್ನುತ್ತಾರೆ. ಫಾರ್ವರ್ಡರಿಗೆ ಬರೆಯುವಾಗ ಮಾತ್ರ ಯಾವುದು ತಪ್ಪಿತು ಎಂದು ಬಿಡಿಸಿ ಹೇಳಲೇಬೇಕು, ಏಕೆಂದರೆ ಪರಿಹಾರ ಬೇರೆ ಬೇರೆ. ಕಂಟೇನರ್ ಒಳಗಿದ್ದು ಕಾಗದ ತಪ್ಪಿದ್ದರೆ ಅದು ಟರ್ಮಿನಲ್ಲಿನ ಅಂಗಳದಲ್ಲೇ ಕೂರುತ್ತದೆ. ಅದನ್ನು ಶಟ್‌ಔಟ್ ಆಯಿತು ಅನ್ನುತ್ತಾರೆ, ಅದಕ್ಕೆ ಬೇರೆಯೇ ಶುಲ್ಕ. ಅದನ್ನು ಹೊರಗೆ ತರಬೇಕೆಂದರೆ, ಬಂದರಿನ ಮಾತಿನಲ್ಲಿ ಬ್ಯಾಕ್ ಟು ಟೌನ್ ಮಾಡಬೇಕೆಂದರೆ, ಕಸ್ಟಮ್ಸ್ ಅನುಮತಿ ಬೇಕು. ಕಂಟೇನರ್ ಇನ್ನೂ ದಾರಿಯಲ್ಲೇ ಇದ್ದರೆ ಆ ತೊಡಕು ಯಾವುದೂ ಇಲ್ಲ. ನಮ್ಮ ಉದಾಹರಣೆಯಲ್ಲಿ ಅದು ಸಕಲೇಶಪುರದಲ್ಲಿದೆ. ದುರದೃಷ್ಟದಲ್ಲೂ ಇದೊಂದು ಅನುಕೂಲ.

ಈಗ ಗಡಿಯಾರ ನೋಡಿ. ಗಾಡಿ ನಿಂತದ್ದು ಬುಧವಾರ ರಾತ್ರಿ 9ಕ್ಕೆ. ಗೇಟು ಮುಚ್ಚುವುದು ಗುರುವಾರ ಸಂಜೆ 6ಕ್ಕೆ. ನಡುವೆ 21 ಗಂಟೆ. ಬಹಳಷ್ಟು ರಫ್ತುದಾರರು ಈ ಹೊತ್ತನ್ನು ಕಾಯುವುದರಲ್ಲೇ ಕಳೆಯುತ್ತಾರೆ. ಬೆಳಿಗ್ಗೆ ರಸ್ತೆ ಬಿಡಬಹುದು, ಮಧ್ಯಾಹ್ನ ಬಿಡಬಹುದು, ಹೇಗೋ ಮುಟ್ಟಿಬಿಡಬಹುದು. ಸುಮ್ಮನೆ ಫಾರ್ವರ್ಡರಿಗೆ ಹೇಳಿ ಯಾಕೆ ಗಾಬರಿ ಹುಟ್ಟಿಸುವುದು? ಕೊನೆಗೆ ಶುಕ್ರವಾರ ಬೆಳಿಗ್ಗೆ ಒಂದು ಸಂದೇಶ ಹೋಗುತ್ತದೆ: "ಸರ್, ಗಾಡಿ ಲೇಟಾಯ್ತು, ಕಟ್‌ಆಫ್ ಮಿಸ್ ಆಯ್ತು. ನೆಕ್ಸ್ಟ್ ವೆಸೆಲ್ ಯಾವಾಗ?"

ಆ 21 ಗಂಟೆಗಳಲ್ಲಿ ಆಗಬಹುದಾಗಿದ್ದ ಕೆಲಸ ಎರಡು. ಮೊದಲನೆಯದು ಲೇಟ್ ಗೇಟ್. ಕಾರಣ ನಿಜವಾಗಿದ್ದರೆ, ಹಡಗಿನ ಕಂಪನಿ ಟರ್ಮಿನಲ್ಲಿನವರನ್ನು ಕೇಳಿ ಕೆಲವು ಗಂಟೆ ಹೆಚ್ಚುವರಿ ಅವಕಾಶ ಕೊಡಿಸಬಹುದು. ಅದಕ್ಕೆ ಶುಲ್ಕವಿದೆ, ಸಿಕ್ಕೇ ಸಿಗುತ್ತದೆಂಬ ಭರವಸೆಯಿಲ್ಲ, ಆದರೆ ಗೇಟು ಮುಚ್ಚುವ ಮುಂಚೆ ಕೇಳಿದರೆ ಮಾತ್ರ ಅದು ಬೇಡಿಕೆ, ಆಮೇಲೆ ಕೇಳಿದರೆ ಬರೀ ಗೋಗರೆತ. ಎರಡನೆಯದು, ಬುಕಿಂಗನ್ನು ಮುಂದಿನ ಹಡಗಿಗೆ ಸರಿಸುವುದು. ಇದಕ್ಕೆ ರೋಲ್‌ಓವರ್ ಅನ್ನುತ್ತಾರೆ. ಗಡುವಿನೊಳಗೆ ತಿಳಿಸಿದರೆ ಹಡಗಿನ ಕಂಪನಿ ಆ ಜಾಗವನ್ನು ಬೇರೆಯವರಿಗೆ ಕೊಡುತ್ತದೆ, ನಿಮ್ಮ ಹೆಸರನ್ನು ಮುಂದಿನ ವಾರದ ಪಟ್ಟಿಗೆ ಬರೆದುಕೊಳ್ಳುತ್ತದೆ. ಏನೂ ಹೇಳದೆ ಕಂಟೇನರ್ ಬರಲೇ ಇಲ್ಲವೆಂದಾದರೆ ಅದು ನೋ-ಷೋ. ಕೆಲವು ಕಂಪನಿಗಳು ಅದಕ್ಕೆ ದಂಡ ಹಾಕುತ್ತವೆ. ದಂಡಕ್ಕಿಂತ ದೊಡ್ಡ ಪೆಟ್ಟು ಬೇರೆ: ನೀವು ಸುಮ್ಮನಿದ್ದ ಹೊತ್ತಿನಲ್ಲಿ ಅದೇ ಘಾಟಿಯಲ್ಲಿ ಸಿಕ್ಕಿಕೊಂಡ ಇತರರು ಮುಂದಿನ ಫೀಡರಿನಲ್ಲಿ ಜಾಗ ಕೇಳಿಕೊಂಡಿರುತ್ತಾರೆ. ಗುಡ್ಡ ಕುಸಿದದ್ದು ನಿಮ್ಮೊಬ್ಬರಿಗೆ ಅಲ್ಲವಲ್ಲ.

ಆದ್ದರಿಂದ ತಿಳಿಸುವುದು ಎರಡು ಹಂತದಲ್ಲಿ ಆಗಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಗಾಡಿ ನಿಂತ ರಾತ್ರಿಯೇ ಒಂದು ಫೋನು: ತಪ್ಪಬಹುದು, ನೋಡುತ್ತಿರಿ. ಮಂಗಳೂರಿನ ಫಾರ್ವರ್ಡರು ಸಾಮಾನ್ಯವಾಗಿ ಇಂಥ ಫೋನಿಗೆ ಬೇಸರಪಡುವುದಿಲ್ಲ. "ಗಾಡಿ ಎಲ್ಲಿ ನಿಂತದ್ದು ಅಂತ ಸರಿಯಾಗಿ ಹೇಳಿ ಮಾರಾಯ್ರೆ, ಲೇಟ್ ಗೇಟ್ ಸಿಗ್ತದಾ ಅಂತ ನಾನು ಬೆಳಿಗ್ಗೆಯೇ ಕೇಳ್ತೇನೆ" ಅನ್ನುವ ಉತ್ತರ ಬರುತ್ತದೆ. ಆಮೇಲೆ, ತಲುಪುವುದು ಸಾಧ್ಯವೇ ಇಲ್ಲ ಎಂದು ಗೊತ್ತಾದ ಕೂಡಲೇ, ಗೇಟು ಮುಚ್ಚುವವರೆಗೂ ಕಾಯದೆ, ಬರವಣಿಗೆಯಲ್ಲಿ ಪೂರ್ತಿ ಸಂದೇಶ.

ನಮ್ಮ ಕಥೆಯಲ್ಲಿ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಸಕಲೇಶಪುರದಿಂದ ಸುದ್ದಿ ಬಂತು: ಶುಕ್ರವಾರಕ್ಕೆ ಮೊದಲು ರಸ್ತೆ ಬಿಡುವುದಿಲ್ಲ. ಲೇಟ್ ಗೇಟ್ ಸಿಕ್ಕಿದರೂ ರಾತ್ರಿ ಹತ್ತರವರೆಗೆ ಅಷ್ಟೆ, ಅದೂ ಪ್ರಯೋಜನಕ್ಕಿಲ್ಲ. ಆಗ ಹೋಗಬೇಕಾದ ಮೇಲ್ ಹೆಚ್ಚುಕಡಿಮೆ ಹೀಗಿರುತ್ತದೆ:

"ನಮಸ್ಕಾರ ಸರ್. ರಾತ್ರಿ ಫೋನಿನಲ್ಲಿ ಹೇಳಿದ ಹಾಗೆ, ಟ್ರಿಯೆಸ್ಟೆಗೆ ಹೋಗುವ ನಮ್ಮ 20 ಅಡಿಯ ಕಂಟೇನರ್ ಇವತ್ತು ಸಂಜೆ 6ರ ಗೇಟ್ ಕಟ್‌ಆಫ್‌ಗೆ ತಲುಪುವುದಿಲ್ಲ. ಬುಕಿಂಗ್ ಸಂಖ್ಯೆ, ಕಂಟೇನರ್ ಸಂಖ್ಯೆ ಮೇಲಿನ ಸಾಲಿನಲ್ಲಿದೆ. ಶಿರಾಡಿಯಲ್ಲಿ ಗುಡ್ಡ ಕುಸಿದು ಗಾಡಿ ನಿನ್ನೆ ರಾತ್ರಿ 9ರಿಂದ ಸಕಲೇಶಪುರದಲ್ಲಿದೆ. ನಾಳೆ ರಸ್ತೆ ತೆರೆದರೆ ರಾತ್ರಿಯೊಳಗೆ ಮಂಗಳೂರು ಮುಟ್ಟಬಹುದು. ಸೀಲ್ ಹಾಗೇ ಇದೆ, ತೆರೆದಿಲ್ಲ. ಶಿಪ್ಪಿಂಗ್ ಬಿಲ್ ಫೈಲ್ ಆಗಿದೆ, ಎಲ್‌ಇಒ ಆಗಿಲ್ಲ. ವಿಜಿಎಂ ಮತ್ತು ಬಿ.ಎಲ್. ವಿವರ ಹಳೆಯ ವೋಯೇಜಿಗೆ ಕಳಿಸಿದ್ದೇವೆ. ಎಲ್‌ಸಿ ಪ್ರಕಾರ ಸರಕು ಹಡಗೇರಲು ಕೊನೆಯ ದಿನ ಜುಲೈ 31, ಹತ್ತಿಸುವ ಬಂದರು ನವಮಂಗಳೂರು ಎಂದೇ ಇದೆ, ಟ್ರಾನ್ಸ್‌ಶಿಪ್‌ಮೆಂಟಿಗೆ ಅನುಮತಿ ಇದೆ. ದಯವಿಟ್ಟು ಈಗಿನ ಬುಕಿಂಗನ್ನು ನೋ-ಷೋ ಆಗಲು ಬಿಡದೆ ಮುಂದಕ್ಕೆ ಸರಿಸಿ. ಮುಂದಿನ ಹಡಗುಗಳಲ್ಲಿ ಪ್ರತಿಯೊಂದಕ್ಕೂ ಗೇಟ್ ತೆರೆಯುವ ಮತ್ತು ಮುಚ್ಚುವ ದಿನ, ಇಲ್ಲಿಂದ ಹೊರಡುವ ದಿನ, ಕೊಲಂಬೊದಲ್ಲಿ ಯಾವ ಮದರ್ ವೆಸೆಲ್, ಟ್ರಿಯೆಸ್ಟೆ ತಲುಪುವ ದಿನ, ಜಾಗ ಖಚಿತವೇ, ಹೆಚ್ಚುವರಿ ಖರ್ಚೆಷ್ಟು ಎಂದು ಇವತ್ತು ಸಂಜೆಯೊಳಗೆ ತಿಳಿಸಿದರೆ ಖರೀದಿದಾರರಿಗೆ ಹೇಳಿ ನಾಳೆ ಬೆಳಿಗ್ಗೆ ಒಪ್ಪಿಗೆ ಕಳಿಸುತ್ತೇವೆ."

ಇದರಲ್ಲಿ ಕ್ಷಮೆಯ ಮಾತೂ ಇಲ್ಲ, ಮಳೆಯ ವರ್ಣನೆಯೂ ಇಲ್ಲ. ಕಂಟೇನರ್ ಎಲ್ಲಿದೆ, ಕಸ್ಟಮ್ಸ್ ಕೆಲಸ ಎಲ್ಲಿಗೆ ಬಂದಿದೆ, ಯಾವ ತಾರೀಕು ದಾಟಬಾರದು, ಈ ಮೂರು ಸಂಗತಿ ಇವೆ. ಫಾರ್ವರ್ಡರ್ ಹಡಗಿನ ಕಂಪನಿಗೆ ಫೋನು ಹಚ್ಚುವ ಮುಂಚೆ ಅವನಿಗೆ ಬೇಕಾದದ್ದು ಅಷ್ಟೇ. ಅವು ಇಲ್ಲದಿದ್ದರೆ ಒಂದೊಂದನ್ನೂ ಅವನು ತಿರುಗಿ ಕೇಳಬೇಕು, ಉತ್ತರ ಬರುವಷ್ಟರಲ್ಲಿ ಕಂಪನಿಯ ಬುಕಿಂಗ್ ಡೆಸ್ಕ್ ಮನೆಗೆ ಹೋಗಿರುತ್ತದೆ.

ಎಲ್‌ಇಒ ಅನ್ನುವುದು ಲೆಟ್ ಎಕ್ಸ್‌ಪೋರ್ಟ್ ಆರ್ಡರ್, ಅಂದರೆ ಸರಕು ದೇಶ ಬಿಡಲು ಕಸ್ಟಮ್ಸ್ ಕೊಡುವ ಅಪ್ಪಣೆ. ಸರಕು ಬಂದರಿಗೆ ಅಥವಾ ಅದರ ಸಿಎಫ್‌ಎಸ್ ಗೋದಾಮಿಗೆ ಬಂದ ಮೇಲೆ ಅದು ಆಗುತ್ತದೆ. ಅಪ್ಪಣೆಗೆ ಮೊದಲು ಹಡಗು ಬದಲಾದರೆ ಕಾಗದದ ಕೆಲಸ ಸುಲಭ. ಅಪ್ಪಣೆ ಆದಮೇಲೆ ಬದಲಾವಣೆಯೇನಿದ್ದರೂ ಅಧಿಕಾರಿಯ ಮುಂದೆ ತಿದ್ದುಪಡಿಯಾಗಿಯೇ ಹೋಗಬೇಕು. ಅದಕ್ಕೇ ಆ ಒಂದು ಪದ ಸಂದೇಶದಲ್ಲಿ ಇರಲೇಬೇಕು.

ಸಂಜೆ ಉತ್ತರ ಬಂತೆಂದುಕೊಳ್ಳಿ. ಮೂರು ದಾರಿ ಇವೆ. ಅದೇ ಕಂಪನಿಯ ಮುಂದಿನ ಫೀಡರ್ ಶನಿವಾರ, ಜುಲೈ 26ಕ್ಕೆ ಹೊರಡುತ್ತದೆ, ಟ್ರಿಯೆಸ್ಟೆ ಮುಟ್ಟುವುದು ಸೆಪ್ಟೆಂಬರ್ 12ಕ್ಕೆ. ಬೇರೊಂದು ಕಂಪನಿಯ ಫೀಡರ್ ಬುಧವಾರ, 23ಕ್ಕೇ ಇದೆ, ಮುಟ್ಟುವುದು ಸೆಪ್ಟೆಂಬರ್ 15ಕ್ಕೆ. ಕೊಚ್ಚಿಯಿಂದ ಹೋದರೆ 27ಕ್ಕೆ ಹೊರಟು ಸೆಪ್ಟೆಂಬರ್ 5ಕ್ಕೇ ಮುಟ್ಟಬಹುದು. ಪಯಣ ಇಷ್ಟು ಉದ್ದವಾಗಿರುವುದಕ್ಕೆ ಕಾರಣವಿದೆ: 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ಬಹಳಷ್ಟು ಕಂಪನಿಗಳು ಸೂಯೆಜ್ ಬಿಟ್ಟು ಆಫ್ರಿಕಾದ ದಕ್ಷಿಣ ತುದಿ ಸುತ್ತುವ ದಾರಿ ಹಿಡಿದವು. ನಮ್ಮ ಉದಾಹರಣೆಯೂ ಅದೇ ದಾರಿಯದು.

ಅವಸರದಲ್ಲಿರುವವರ ಕೈ ಮೊದಲು ಹೋಗುವುದು 23ರ ಹಡಗಿನ ಮೇಲೆ. ಮೂರು ದಿನ ಮುಂಚೆ ಹೊರಡುತ್ತದಲ್ಲ! ಆದರೆ ತಲುಪುವ ದಿನ ನೋಡಿ, ಮೂರು ದಿನ ತಡ. ಫೀಡರ್ ಬೇಗ ಕೊಲಂಬೊ ಸೇರಿದರೂ ಅಲ್ಲಿ ತನ್ನ ಮದರ್ ವೆಸೆಲ್ ಬರುವವರೆಗೆ ಕಂಟೇನರ್ ಅಂಗಳದಲ್ಲಿ ಬಿದ್ದಿರುತ್ತದೆ. ಹೊರಡುವ ದಿನ ಒಂದನ್ನೇ ಕೇಳಿದವನಿಗೆ ಇದು ಗೊತ್ತಾಗುವುದೇ ಇಲ್ಲ. ಸಂದೇಶದಲ್ಲಿ ಕೊಲಂಬೊದ ಕೊಂಡಿಯನ್ನೂ ಕೊನೆಯ ಬಂದರಿನ ತಾರೀಕನ್ನೂ ಕೇಳಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕೇ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ, ಹೊರಗಿನವರಿಗೆ ಹೊಳೆಯದಂಥದ್ದು. ಆ ಕಬ್ಬಿಣದ ಪೆಟ್ಟಿಗೆ ಸಾಮಾನ್ಯವಾಗಿ ರಫ್ತುದಾರನದ್ದಲ್ಲ, ಹಡಗಿನ ಕಂಪನಿಯದ್ದು. ಅವರ ಯಾರ್ಡಿನಿಂದ ಖಾಲಿ ತಂದು, ತುಂಬಿ, ಅವರಿಗೇ ಒಪ್ಪಿಸಬೇಕು. ಕಂಪನಿ ಬದಲಿಸಿದರೆ ಆ ಪೆಟ್ಟಿಗೆ ಹೋಗುವುದಿಲ್ಲ. ಸೀಲ್ ಒಡೆದು, 320 ಚೀಲವನ್ನೂ ಇಳಿಸಿ, ಹೊಸ ಕಂಪನಿಯ ಪೆಟ್ಟಿಗೆಗೆ ತುಂಬಿ, ಮತ್ತೆ ಸೀಲ್ ಹಾಕಬೇಕು. ಕಸ್ಟಮ್ಸ್‌ಗೆ ತಿಳಿಸಿ ಅವರ ಒಪ್ಪಿಗೆಯಲ್ಲಿ ಮಾಡಬೇಕಾದ ಕೆಲಸ ಇದು. ಅದೂ ಜುಲೈಯಲ್ಲಿ, ಮಂಗಳೂರಿನ ಮಳೆಯಲ್ಲಿ. ಕಾಫಿ ಬೀಜ ಗಾಳಿಯ ತೇವವನ್ನು ಎಷ್ಟು ಬೇಗ ಹೀರುತ್ತದೆ ಅನ್ನುವುದು ಮಂಗಳೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ಇಲ್ಲಿನ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಮುಂಗಾರಿನ ಗಾಳಿಗೆ ಬೀಜ ಹರಡಿ, ಉಬ್ಬಿಸಿ, ಮಾನ್ಸೂನ್ಡ್ ಮಲಬಾರ್ ಅನ್ನುವ ಬೇರೆಯೇ ಕಾಫಿ ಮಾಡುತ್ತಾರೆ. ಒಣಗಿಸಿ ತೇವಾಂಶ ಅಳೆದು ಕಳಿಸುತ್ತಿರುವ ರೋಬಸ್ಟಾಕ್ಕೆ ಆ ಗಾಳಿ ತಾಗಬಾರದು. ಹೀಗಾಗಿ 23ರ ಹಡಗು ಕಾಗದದ ಮೇಲೆ ಮಾತ್ರ ಬೇಗ.

ಕೊಚ್ಚಿಯ ದಾರಿ ನಿಜಕ್ಕೂ ಆಸೆ ಹುಟ್ಟಿಸುವಂಥದ್ದು. ವಲ್ಲಾರ್ಪಾಡಂ ಟರ್ಮಿನಲ್ಲಿಗೆ ದೊಡ್ಡ ಹಡಗುಗಳೇ ಬರುತ್ತವೆ, ಒಂದು ವಾರ ಮುಂಚೆ ಸರಕು ಮುಟ್ಟುತ್ತದೆ. ರಸ್ತೆಯ ಬಾಡಿಗೆ ಹೆಚ್ಚಾದರೂ ಖರೀದಿದಾರ ಖುಷಿಪಡುತ್ತಾನೆ. ಇದನ್ನು ತಡೆಯುವುದು ಎಲ್‌ಸಿಯ ಒಂದೇ ಒಂದು ಸಾಲು. ಎಲ್‌ಸಿ ಎಂದರೆ ಖರೀದಿದಾರನ ಬ್ಯಾಂಕು ಕೊಟ್ಟ ಭರವಸೆ: ಇಂತಿಂಥ ಕಾಗದ ಇಂತಿಂಥ ರೀತಿಯಲ್ಲಿ ತಂದರೆ ಹಣ ಕೊಡುತ್ತೇನೆ ಎಂದು. ಬ್ಯಾಂಕು ನೋಡುವುದು ಕಾಗದ, ಕಾಫಿಯನ್ನಲ್ಲ. ಅದರಲ್ಲಿ ಹತ್ತಿಸುವ ಬಂದರು ನವಮಂಗಳೂರು ಎಂದಿದ್ದು, ಬಿಲ್ ಆಫ್ ಲೇಡಿಂಗಿನಲ್ಲಿ ಕೊಚ್ಚಿ ಎಂದಿದ್ದರೆ, ಸರಕು ಎಷ್ಟೇ ಬೇಗ ಮುಟ್ಟಿದರೂ ಅದು ವ್ಯತ್ಯಾಸವೇ, ಹಣ ತಡೆಹಿಡಿಯಲು ಸಾಕಾದ ಕಾರಣ. ಮೊದಲಿಗೇ ಎಲ್‌ಸಿಯಲ್ಲಿ ಭಾರತದ ಯಾವುದೇ ಬಂದರು ಎಂದು ಬರೆಸಿಕೊಂಡಿದ್ದರೆ ಈ ದಾರಿ ತೆರೆದಿರುತ್ತಿತ್ತು. ಮಳೆಗಾಲದಲ್ಲಿ ಘಟ್ಟ ಇಳಿದು ಹೋಗುವ ಸರಕಿಗೆ ಹಾಗೆ ಬರೆಸಿಕೊಳ್ಳುವುದೇ ಜಾಣತನ. ಈಗ ತಿದ್ದಿಸಬೇಕೆಂದರೆ ಇಟಲಿಯ ಬ್ಯಾಂಕಿನಿಂದ ತಿದ್ದುಪಡಿ ಬರಬೇಕು. ಜೊತೆಗೆ ಮಂಗಳೂರಿನಲ್ಲಿ ಹಾಕಿದ ಶಿಪ್ಪಿಂಗ್ ಬಿಲ್ಲಿನದ್ದೂ ಬೇರೆ ಇತ್ಯರ್ಥವಾಗಬೇಕು.

ಹಾಗಾಗಿ ಉಳಿಯುವುದು 26ರ ಫೀಡರ್. ಅದೇ ಕಂಪನಿ, ಅದೇ ಪೆಟ್ಟಿಗೆ, ಅದೇ ಬಂದರು, ಸೀಲ್ ಒಡೆಯುವ ಮಾತಿಲ್ಲ. ಒಪ್ಪಿಗೆ ಕೊಡುವ ಮುಂಚೆ ಒಂದು ಮಾತು ಕೇಳಿಕೊಳ್ಳಬೇಕು: ಜಾಗ ಸಿಕ್ಕಿದೆಯೋ, ಅಥವಾ ಹಡಗಿನ ವೇಳಾಪಟ್ಟಿ ಮಾತ್ರ ಹೇಳುತ್ತಿದ್ದೀರೋ? ವೇಳಾಪಟ್ಟಿಯಲ್ಲಿ ಹಡಗಿರುವುದು ಬೇರೆ, ಅದರಲ್ಲಿ ನಮಗೆ ಜಾಗವಿರುವುದು ಬೇರೆ. ಹೊಸ ವೋಯೇಜಿನ ಹೆಸರು ಹಾಕಿದ ಬುಕಿಂಗ್ ಕನ್‌ಫರ್ಮೇಷನ್ ಕೈಗೆ ಬರುವವರೆಗೆ ಖರೀದಿದಾರನಿಗೆ ತಾರೀಕು ಹೇಳಬಾರದು. ಬುಕಿಂಗ್ ಸಂಖ್ಯೆ ಹಳೆಯದೇ ಉಳಿಯಿತೋ ಹೊಸದು ಬಂತೋ ಎಂದೂ ನೋಡಬೇಕು. ಹೊಸದಾದರೆ ತೂಕದ ಅಂಕಿ, ಬಿ.ಎಲ್. ವಿವರ ಎರಡನ್ನೂ ಮತ್ತೆ ಕಳಿಸಬೇಕು. ಇದನ್ನು ಮರೆತು, ಎರಡನೆಯ ಸಲ ಕಂಟೇನರ್ ಸಮಯಕ್ಕೆ ಬಂದರೂ ಕಾಗದದ ಕಟ್‌ಆಫ್ ತಪ್ಪುವುದುಂಟು.

26ಕ್ಕೂ 31ಕ್ಕೂ ನಡುವೆ ಇರುವುದು ಐದೇ ದಿನ ಅನ್ನುವುದನ್ನು ಇಲ್ಲಿ ಮರೆಯಬಾರದು. ಎಲ್‌ಸಿ ವ್ಯವಹಾರಗಳಿಗೆ ಜಗತ್ತಿನಾದ್ಯಂತ ಅನ್ವಯಿಸುವ ಯುಸಿಪಿ 600 ನಿಯಮಗಳಲ್ಲಿ ಒಂದು ಕಠಿಣ ಮಾತಿದೆ. ಬ್ಯಾಂಕಿಗೆ ರಜೆ ಇತ್ತೆಂದು ಕಾಗದ ಒಪ್ಪಿಸುವ ಗಡುವು ಮಾರನೆಯ ದಿನಕ್ಕೆ ಹೋಗಬಹುದು, ಆದರೆ ಸರಕು ಹಡಗೇರುವ ಕೊನೆಯ ದಿನ ಹಾಗೆ ತಾನಾಗಿ ಮುಂದಕ್ಕೆ ಹೋಗುವುದಿಲ್ಲ. ಲೆಕ್ಕಕ್ಕೆ ಬರುವುದು ಬಿಲ್ ಆಫ್ ಲೇಡಿಂಗಿನ ಮೇಲೆ ಇರುವ ಆನ್‌ಬೋರ್ಡ್ ತಾರೀಕು. ಮಳೆಗಾಲದ ಫೀಡರ್ ಹಿಂದಿನ ಬಂದರಿನಲ್ಲೇ ತಡವಾಗಿ ಐದಾರು ದಿನ ಜಾರಿದರೆ ಆಗಸ್ಟ್ ಬಂದುಬಿಡುತ್ತದೆ. ಆದ್ದರಿಂದ 26ರ ಹಡಗಿಗೆ ಒಪ್ಪಿಗೆ ಕೊಟ್ಟ ದಿನವೇ ಖರೀದಿದಾರನಿಗೆ ಬರೆದು, ಕೊನೆಯ ದಿನವನ್ನು ಆಗಸ್ಟ್ ಮಧ್ಯದವರೆಗೆ ಮುಂದಕ್ಕೆ ಹಾಕಿಸುವಂತೆ ಕೇಳಬೇಕು. ಹಡಗು ಜಾರಿದ ಮೇಲೆ ಕೇಳಿದರೆ ಖರೀದಿದಾರನಿಗೆ ಬೆಲೆ ಕಡಿಮೆ ಮಾಡಿಸಲು ಅದೊಂದು ನೆಪ. ಮುಂಚೆ ಕೇಳಿದರೆ ಅದು ಬರೀ ವ್ಯವಹಾರದ ಎಚ್ಚರಿಕೆ.

ಈ ಹೊತ್ತಿನಲ್ಲಿ ಕೆಲವರು ಫಾರ್ವರ್ಡರನ್ನು ಇನ್ನೊಂದು ಸಹಾಯ ಕೇಳುವುದುಂಟು: ಆನ್‌ಬೋರ್ಡ್ ತಾರೀಕನ್ನು ಸ್ವಲ್ಪ ಹಿಂದೆ ಹಾಕಿಸಿ ಎಂದು. ಇದನ್ನು ಸಹಾಯ ಅನ್ನಲೇಬಾರದು, ಇದು ಮೋಸ. ಫೀಡರ್ ಯಾವ ದಿನ ಹೊರಟಿತು ಅನ್ನುವುದನ್ನು ಕಂಪ್ಯೂಟರ್ ಮುಂದೆ ಕೂತ ಯಾರು ಬೇಕಾದರೂ ನೋಡಬಹುದು. ಸುಳ್ಳು ತಾರೀಕಿನ ಬಿಲ್ ಹಿಡಿದುಕೊಟ್ಟರೆ ಖರೀದಿದಾರ ಸರಕನ್ನು ತಿರಸ್ಕರಿಸಬಹುದು, ನಷ್ಟ ಕೇಳಬಹುದು. ಆ ಬಿಲ್ ಕೊಟ್ಟವರೂ ಸಿಕ್ಕಿಬೀಳುತ್ತಾರೆ. ಒಳ್ಳೆಯ ಫಾರ್ವರ್ಡರ್ ಇದಕ್ಕೆ ಒಪ್ಪುವುದಿಲ್ಲ, ಒಪ್ಪುವವನ ಜೊತೆ ವ್ಯವಹಾರ ಬೇಡ.

ಬಹಳಷ್ಟು ಕಾಫಿ ಎಫ್‌ಒಬಿ ಲೆಕ್ಕದಲ್ಲಿ ಮಾರಾಟವಾಗುತ್ತದೆ ಅನ್ನುವುದನ್ನೂ ಹೇಳಬೇಕು. ಅದರಲ್ಲಿ ಹಡಗು ಗೊತ್ತುಮಾಡುವವನು ಖರೀದಿದಾರ, ಮಂಗಳೂರಿನ ಫಾರ್ವರ್ಡರ್ ಅವನ ಕಡೆಯವನು. ಆಗ ಆಯ್ಕೆಯನ್ನು ನಾವೇ ಒಪ್ಪಿಬಿಡುವ ಹಾಗಿಲ್ಲ. ಮೇಲ್‌ನಲ್ಲಿ ಖರೀದಿದಾರನನ್ನೂ ಸೇರಿಸಿಕೊಂಡು ಅವನ ಒಪ್ಪಿಗೆ ಪಡೆಯಬೇಕು. ಆದರೆ ಸರಕು ಸಮಯಕ್ಕೆ ತಲುಪಿಸದ ಖರ್ಚು ರಫ್ತುದಾರನ ತಲೆಗೇ.

ಖರ್ಚು ಎಂದರೆ ಮುಖ್ಯವಾಗಿ ಕಾಯುವ ಖರ್ಚು. ಶುಕ್ರವಾರ ಮಧ್ಯಾಹ್ನ ರಸ್ತೆ ತೆರೆದು ರಾತ್ರಿ ಗಾಡಿ ಮಂಗಳೂರಿಗೆ ಬಂತು. ಹಡಗು 26ಕ್ಕೆ. ಟರ್ಮಿನಲ್ ಯಾವ ಹಡಗಿನ ಕಂಟೇನರನ್ನೂ ಗೇಟ್ ತೆರೆಯುವ ದಿನಕ್ಕೆ ಮುಂಚೆ ಸೇರಿಸಿಕೊಳ್ಳುವುದಿಲ್ಲ. ಹಾಗಾದರೆ ನಾಲ್ಕೈದು ದಿನ ಅದು ಎಲ್ಲಿರಬೇಕು? ಟ್ರೈಲರಿನ ಮೇಲೇ ಇಟ್ಟರೆ ದಿನಕ್ಕಿಷ್ಟು ಎಂದು ಹಾಲ್ಟಿಂಗ್ ಬೀಳುತ್ತದೆ. ಸಿಎಫ್‌ಎಸ್‌ನಲ್ಲಿ ಇಳಿಸಿದರೆ ನೆಲಬಾಡಿಗೆ, ಎತ್ತಿ ಇಳಿಸುವ ಕೂಲಿ. ಎರಡಕ್ಕೂ ಹೊರತಾಗಿ, ಖಾಲಿ ಪೆಟ್ಟಿಗೆ ಒಯ್ದ ದಿನದಿಂದ ಹಡಗಿನ ಕಂಪನಿ ಕೊಟ್ಟ ಉಚಿತ ದಿನಗಳು ಮುಗಿದರೆ ಡಿಟೆನ್ಷನ್. ಎರಡು ದಿನಕ್ಕಿಂತ ಹೆಚ್ಚು ಕಾಯುವುದಿದ್ದರೆ ಇಳಿಸುವುದೇ ಮೇಲು ಅನ್ನುವುದು ನನ್ನ ಎಣಿಕೆ, ಆದರೆ ಮೂರೂ ಅಂಕಿಗಳನ್ನು ಫಾರ್ವರ್ಡರಿಂದ ಬರವಣಿಗೆಯಲ್ಲಿ ತರಿಸಿಕೊಂಡೇ ನಿರ್ಧರಿಸಬೇಕು. ಗುಡ್ಡ ಕುಸಿತದಂಥ ಕಾರಣಕ್ಕೆ ಉಚಿತ ದಿನ ಹೆಚ್ಚಿಸಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಪೊಲೀಸರು ರಸ್ತೆ ಮುಚ್ಚಿದ ಆದೇಶದ ಪ್ರತಿ, ಅಂದಿನ ಪತ್ರಿಕೆಯ ಸುದ್ದಿ, ಗಾಡಿಯ ಜಿಪಿಎಸ್ ದಾಖಲೆ ಜೊತೆಗಿಟ್ಟರೆ ಮಾತಿಗೆ ಬಲ ಬರುತ್ತದೆ.

ಕಾಯುವ ದಿನಗಳಲ್ಲಿ ಸರಕಿನ ಕಡೆಗೂ ಕಣ್ಣಿರಬೇಕು. ಹಗಲಿನ ಬಿಸಿಲಿಗೆ ಕಾದು ರಾತ್ರಿ ಮಳೆಗೆ ತಣಿದ ತಗಡಿನ ಒಳಮೈಯಲ್ಲಿ ಹನಿ ಕಟ್ಟುತ್ತದೆ, ಆ ಹನಿ ಚೀಲದ ಮೇಲೆ ಬೀಳುತ್ತದೆ. ತುಂಬುವಾಗ ಒಳಗೆ ಹಾಸಿದ ಕ್ರಾಫ್ಟ್ ಕಾಗದವೂ ತೇವ ಹೀರುವ ಚೀಲಗಳೂ ಸ್ವಲ್ಪ ಮಟ್ಟಿಗೆ ಕಾಪಾಡುತ್ತವೆ. ಬಾಗಿಲು ತೆರೆದು ನೋಡುವ ಹಾಗಿಲ್ಲ. ಆದ್ದರಿಂದ ಹೊರಗಿನಿಂದಲೇ ಬಾಗಿಲಿನ ರಬ್ಬರ್ ಪಟ್ಟಿ ಹರಿದಿಲ್ಲವೆ, ಚಾವಣಿಯಲ್ಲಿ ತಗ್ಗಿಲ್ಲವೆ, ಸೀಲಿನ ಸಂಖ್ಯೆ ಹಾಗೇ ಇದೆಯೆ ಎಂದು ನೋಡಿ ಒಂದು ಫೋಟೊ ಕಳಿಸಿ ಎಂದು ಫಾರ್ವರ್ಡರನ್ನು ಕೇಳಬಹುದು. ಧೂಮೀಕರಣದ ಪ್ರಮಾಣಪತ್ರಕ್ಕೆ ದಿನದ ಮಿತಿ ಇದೆಯೇ, ಕಾಫಿ ಮಂಡಳಿಯ ಮೂಲಕ ಬರುವ ಮೂಲ ಪ್ರಮಾಣಪತ್ರದಲ್ಲಿ ಹಳೆಯ ಹಡಗಿನ ಹೆಸರು ಕೂತಿದೆಯೇ, ಇವನ್ನೂ ಈ ವಾರದಲ್ಲೇ ನೋಡಿ ಸರಿಪಡಿಸಿಕೊಳ್ಳಬೇಕು. ಬ್ಯಾಂಕಿನಲ್ಲಿ ಒಂದು ಕಾಗದ ಒಂದು ಹಡಗಿನ ಹೆಸರು ಹೇಳಿ, ಇನ್ನೊಂದು ಬೇರೆ ಹೇಳಿದರೆ ಮತ್ತೆ ಅದೇ ವ್ಯತ್ಯಾಸದ ತಕರಾರು.

ಹಡಗು 26ಕ್ಕೆ ಹೊರಟ ಮೇಲೂ ಒಂದು ಕೆಲಸ ಉಳಿಯುತ್ತದೆ. ಹಡಗಿನ ಏಜೆಂಟರು ತಮ್ಮ ಹಡಗಿನಲ್ಲಿ ಏನೇನು ಹೋಯಿತು ಎಂದು ಕಸ್ಟಮ್ಸ್‌ಗೆ ಸಲ್ಲಿಸುವ ಪಟ್ಟಿಗೆ ಇಜಿಎಂ ಅನ್ನುತ್ತಾರೆ. ಅದು ಸಲ್ಲಿಕೆಯಾಗಿ, ಅದರಲ್ಲಿ ನಮ್ಮ ಶಿಪ್ಪಿಂಗ್ ಬಿಲ್ಲಿನ ಸಂಖ್ಯೆ ಸರಿಯಾಗಿ ಕೂತಾಗ ಮಾತ್ರ ಸರಕು ರಫ್ತಾಯಿತೆಂದು ಲೆಕ್ಕ. ಐಜಿಎಸ್‌ಟಿ ಕಟ್ಟಿ ಕಳಿಸಿದವರಿಗೆ ಅದರ ಮರುಪಾವತಿ ಇದರ ಮೇಲೆಯೇ ನಿಂತಿದೆ, ಡ್ರಾಬ್ಯಾಕ್ ಕೂಡ. ಹಡಗು ಬದಲಾದ ಕಂಟೇನರುಗಳಲ್ಲಿ ಕೊಂಡಿ ತಪ್ಪುವ ಸಾಧ್ಯತೆ ಹೆಚ್ಚು: ಪೆಟ್ಟಿಗೆ ಹೊಸ ಹಡಗಿನಲ್ಲಿ, ಕಾಗದ ಹಳೆಯದರ ಹೆಸರಿನಲ್ಲಿ. ತಿಂಗಳುಗಟ್ಟಲೆ ಮರುಪಾವತಿ ಬಾರದೆ ಹುಡುಕಲು ಹೊರಟಾಗ ಇದು ಗೊತ್ತಾಗುತ್ತದೆ. ಹಾಗಾಗಿ ಹಡಗು ಹೊರಟ ವಾರದೊಳಗೆ ಐಸ್‌ಗೇಟ್ ಪೋರ್ಟಲ್‌ನಲ್ಲಿ ಶಿಪ್ಪಿಂಗ್ ಬಿಲ್ಲಿನ ಸ್ಥಿತಿ ತೆಗೆದು ನೋಡಿ, ಇಜಿಎಂ ಸಂಖ್ಯೆ ಬಂದಿಲ್ಲದಿದ್ದರೆ ಅಥವಾ ದೋಷ ತೋರಿಸುತ್ತಿದ್ದರೆ ಅದರ ಚಿತ್ರ ತೆಗೆದು, ಜುಲೈ 17ರ ಆ ಮೇಲಿನ ಕೆಳಗೇ ಸೇರಿಸಿ ಫಾರ್ವರ್ಡರಿಗೆ ಕಳಿಸಬೇಕು. ಕಂಟೇನರ್ ಯಾವ ಹಡಗಿನಿಂದ ಯಾವುದಕ್ಕೆ, ಯಾವ ದಿನ, ಯಾಕೆ ಸರಿಯಿತು ಅನ್ನುವುದು ಅಲ್ಲಿ ಬರವಣಿಗೆಯಲ್ಲೇ ಇರುವುದರಿಂದ, ತಿದ್ದುಪಡಿ ಹಾಕಲು ಏಜೆಂಟರಿಗೆ ಬೇರೆ ಆಧಾರ ಹುಡುಕಬೇಕಾಗುವುದಿಲ್ಲ.